ಒಂಬತ್ತು ಬಾರ್ ಕೊಡೋದು ಪಂಪ್ ಅಲ್ಲ, ವಾಲ್ವ್

"ಮನೆಗೆ ಎಸ್ಪ್ರೆಸೊ ಮಷಿನ್ ತಗೊಳ್ಬೇಕು ಅಂತಿದ್ದೀನಿ. ವೈಬ್ರೇಟರಿ ಪಂಪ್ ಸಾಕಾ, ರೋಟರಿಗೆ ಜಾಸ್ತಿ ದುಡ್ಡು ಕೊಡ್ಬೇಕಾ? ಸರಿಯಾಗಿ ಒಂಬತ್ತು ಬಾರ್ ಒತ್ತಡ ಬರೋದು ರೋಟರಿಯಲ್ಲಿ ಮಾತ್ರ ಅಂತಾರೆ, ನಿಜಾನಾ?"

ದಿನಕ್ಕೆ ನಾಲ್ಕೈದು ಕಪ್ ಮಾಡೋದಾದ್ರೆ ವೈಬ್ರೇಟರಿ ಧಾರಾಳವಾಗಿ ಸಾಕು. ಉಳಿದ ದುಡ್ಡಲ್ಲಿ ಒಳ್ಳೆ ಗ್ರೈಂಡರ್ ತಗೊಳ್ಳಿ.

ವೈಬ್ರೇಟರಿ ಪಂಪ್ ಅಂದ್ರೆ ಮುಷ್ಟಿಯಷ್ಟು ದೊಡ್ಡ ವಸ್ತು. ತಂತಿಯ ಸುರುಳಿ, ಅದರ ನಡುವೆ ಸ್ಪ್ರಿಂಗ್‌ಗೆ ಒರಗಿದ ಪುಟ್ಟ ಪಿಸ್ಟನ್. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಪಿಸ್ಟನ್ ಸೆಕೆಂಡಿಗೆ 50 ಸಲ ಬಡಿಯುತ್ತದೆ. ಆ ಗುರ್ ಅನ್ನೋ ಸದ್ದು ಅದರದ್ದೇ. ಇದರ ಸ್ವಭಾವ ಒಂದು ಗೊತ್ತಿರಬೇಕು: ಎದುರಿನ ಒತ್ತಡ ಏರಿದಷ್ಟೂ ಅದು ತಳ್ಳುವ ನೀರು ಕಡಿಮೆ ಆಗುತ್ತದೆ. ಡಬ್ಬದ ಮೇಲೆ ಬರೆಯುವ "15 ಬಾರ್" ನೀರು ಹೆಚ್ಚುಕಮ್ಮಿ ನಿಂತೇಹೋದಾಗಿನ ಲೆಕ್ಕ. ಕಾಫಿ ಇಳಿಯುವಾಗಿನದ್ದಲ್ಲ.

ಈಗ ಒಂದು ಕಪ್ ಲೆಕ್ಕ ಹಾಕೋಣ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 28 ಸೆಕೆಂಡಿನಲ್ಲಿ. ಅಂದ್ರೆ ನಿಮಿಷಕ್ಕೆ ಸುಮಾರು 77 ಮಿಲಿ. ಸಾಮಾನ್ಯ ವೈಬ್ರೇಟರಿ ಪಂಪ್ ಒಂಬತ್ತು ಬಾರ್‌ನಲ್ಲೂ ಇದರ ಎರಡರಷ್ಟಕ್ಕಿಂತ ಜಾಸ್ತಿ ನೀರು ತಳ್ಳಬಲ್ಲದು. ಆ ಹೆಚ್ಚಿನ ನೀರು ಎಲ್ಲಿ ಹೋಗಬೇಕು? ಅದಕ್ಕೇ ಓಪಿವಿ ಅನ್ನೋ ಸ್ಪ್ರಿಂಗ್ ವಾಲ್ವ್ ಇರೋದು. ಇಟ್ಟ ಒತ್ತಡ ದಾಟಿದ ತಕ್ಷಣ ಅದು ತೆರೆದು, ಹೆಚ್ಚುವರಿ ನೀರನ್ನು ವಾಪಸ್ ಟ್ಯಾಂಕ್‌ಗೆ ಬಿಡುತ್ತದೆ. ಕಪ್ಪಿನ ಹಣೆಬರಹ ಬರೆಯೋದು ಈ ವಾಲ್ವ್ ಮತ್ತು ನಿಮ್ಮ ಪುಡಿಯ ನುಣುಪು.

ಇದು ನನಗೆ ಗೊತ್ತಾಗಿದ್ದು ಕೈ ಸುಟ್ಟುಕೊಂಡ ಮೇಲೆ. ನನ್ನ ಮೊದಲ ಮಷಿನ್‌ನಲ್ಲಿ ಕಾಫಿ 17-18 ಸೆಕೆಂಡಿಗೇ ಸುರಿದುಬಿಡುತ್ತಿತ್ತು. ತಳವಿಲ್ಲದ ಪೋರ್ಟಾಫಿಲ್ಟರ್, ಅಂದ್ರೆ ಪುಡಿ ತುಂಬುವ ಹಿಡಿ, ಹಾಕಿದರೆ ಪಿಚಕಾರಿಯಂತೆ ಅಂಗಿಗೆಲ್ಲ ಹಾರೋದು. ಪುಡಿ ಇನ್ನೂ ನುಣ್ಣಗೆ ಮಾಡಿದರೆ ಒಂದು ಸಲ ಹನಿ ಹನಿ, ಮುಂದಿನ ಸಲ ಮತ್ತೆ ಪಿಚಕಾರಿ. ಸ್ನೇಹಿತನಿಂದ ಮೀಟರ್ ಇರುವ ಪೋರ್ಟಾಫಿಲ್ಟರ್ ಎರವಲು ತಂದು ಹಾಕಿದೆ. ನೀರು ಹೊರಗೆ ಹೋಗದಂತೆ ಮುಚ್ಚಿ ನೋಡಿದರೆ 12.5 ಬಾರ್! ಅಷ್ಟು ಒತ್ತಡದಲ್ಲಿ ನೀರು ಪುಡಿಯ ಬಿಲ್ಲೆಯನ್ನು ಸಮವಾಗಿ ತೋಯಿಸುವುದಿಲ್ಲ, ಎಲ್ಲಿ ಬಿರುಕು ಸಿಕ್ಕಿತೋ ಅಲ್ಲಿ ನುಗ್ಗುತ್ತದೆ. ಚಾನೆಲಿಂಗ್ ಅನ್ನೋದು ಇದಕ್ಕೇ. ಒಂದೇ ಕಪ್ಪಿನಲ್ಲಿ ಹುಳಿಯೂ ಕಹಿಯೂ ಬರುತ್ತದೆ. ಪ್ಲಗ್ ತೆಗೆದು, ಮಷಿನ್ ಆರಿದ ಮೇಲೆ, ಓಪಿವಿ ಸ್ಕ್ರೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಒಂಬತ್ತೂವರೆಗೆ ತಂದೆ. ಮುಚ್ಚಿ ಅಳೆದಾಗ ಬರುವ ಅಂಕಿ ಕಾಫಿ ಇಳಿಯುವಾಗಿನದಕ್ಕಿಂತ ಸ್ವಲ್ಪ ಮೇಲಿರುತ್ತದೆ, ಅದಕ್ಕೇ ಆ ಅರ್ಧ. ಪಿಚಕಾರಿ ನಿಂತಿತು. ಪಂಪ್ ಅದೇ ಹಳೇದು.

ಆಮೇಲೆ ಕುತೂಹಲಕ್ಕೆ ಏಳಕ್ಕೆ ಇಳಿಸಿದೆ. ಲೈಟ್ ರೋಸ್ಟ್ ಬೀಜಕ್ಕೆ ಅದೇ ಜಾಸ್ತಿ ಹಿಡಿಸಿತು. ಒತ್ತಡ ಏರಿಸಿದಷ್ಟೂ ಕಾಫಿ ಬೇಗ ಇಳಿಯುತ್ತದೆ ಅಂತ ಅನ್ನಿಸಬಹುದು, ಆದರೆ ಒತ್ತಿದಷ್ಟೂ ಬಿಲ್ಲೆಯೂ ಅದುಮಿ ದಾರಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಒಂದು ಹಂತದ ಮೇಲೆ ಒತ್ತಡದಿಂದ ಲಾಭವಿಲ್ಲ.

ಹಾಗಾದರೆ ಈ ಒಂಬತ್ತು ಎಲ್ಲಿಂದ ಬಂತು? ಮಿಲಾನಿನ ಗಾಜಿಯಾ ಎರಡನೇ ಮಹಾಯುದ್ಧ ಮುಗಿದ ಮೇಲೆ ತಂದ ಲಿವರ್ ಮಷಿನ್‌ಗಳಲ್ಲಿ ಸ್ಪ್ರಿಂಗ್ ನೀರನ್ನು ತಳ್ಳುತ್ತಿತ್ತು. ಒತ್ತಡ ಎಂಟು-ಒಂಬತ್ತು ಬಾರ್ ಆಸುಪಾಸಿನಲ್ಲಿ ಶುರುವಾಗಿ, ಸ್ಪ್ರಿಂಗ್ ಬಿಚ್ಚಿಕೊಂಡಂತೆ ಇಳಿಯುತ್ತಿತ್ತು. 1961ರಲ್ಲಿ ಫೇಮಾದ ಇ61 ಮಷಿನ್ ಮೋಟಾರ್ ಪಂಪ್ ತಂದಿತು, ಆಗ ಕೊನೆಯವರೆಗೂ ಒಂದೇ ಒತ್ತಡ ಇಡೋದು ಸುಲಭವಾಯಿತು. ಇಟಲಿಯ ಎಸ್ಪ್ರೆಸೊ ಸಂಸ್ಥೆಯ ನಿಯಮದಲ್ಲೂ ಒಂಬತ್ತಕ್ಕೆ ಒಂದು ಆಚೀಚೆ ಇರಬಹುದು. ಸುಮಾರು 7 ಗ್ರಾಂ ಪುಡಿಯಲ್ಲಿ 25 ಮಿಲಿ ತೆಗೆಯುವ ಅಭ್ಯಾಸಕ್ಕೆ ಅದು ಸರಿ. ಮಂತ್ರವೇನಲ್ಲ.

ಇನ್ನು ರೋಟರಿ. ಅದರಲ್ಲಿ ಮೋಟಾರ್ ತಿರುಗಿಸುವ ರೋಟರ್, ಅದರ ಅಂಚಿನಲ್ಲಿ ಒಳಗೂ ಹೊರಗೂ ಜಾರುವ ಪಟ್ಟಿಗಳು. ಒತ್ತಡ ಏರಿದರೂ ಅದರ ನೀರಿನ ಹರಿವು ಅಷ್ಟಾಗಿ ಕುಗ್ಗುವುದಿಲ್ಲ. ಒತ್ತಡ ಮಿತಿಯಲ್ಲಿಡೋದು ಅಲ್ಲೂ ಒಂದು ವಾಲ್ವೇ, ಬೈಪಾಸ್. ಸದ್ದು ಕಡಿಮೆ, ನಲ್ಲಿ ಪೈಪಿಗೆ ನೇರ ಜೋಡಿಸಬಹುದು, ಕೆಫೆಯಲ್ಲಿ ದಿನವಿಡೀ ಓಡುತ್ತದೆ. ಆದರೆ ತೂಕ ಜಾಸ್ತಿ, ನೀರಿಲ್ಲದೆ ಓಡಿಸಿದರೆ ಬೇಗ ಹಾಳಾಗುತ್ತದೆ, ಬದಲಿಸೋದು ದುಬಾರಿ. ಇನ್ನೊಂದು ವಿಷಯ: ರೋಟರಿ ಒಮ್ಮೆಲೇ ಪೂರ್ತಿ ಒತ್ತಡಕ್ಕೆ ಏರುತ್ತದೆ. ವೈಬ್ರೇಟರಿ ಕೆಲವು ಸೆಕೆಂಡು ತೆಗೆದುಕೊಂಡು ಮೆಲ್ಲಗೆ ಏರುತ್ತದೆ, ಅಷ್ಟರಲ್ಲಿ ಪುಡಿ ನೆನೆಯುತ್ತದೆ. ಹಾಗಾಗಿ ಎಷ್ಟೋ ರೋಟರಿ ಮಷಿನ್‌ಗಳಲ್ಲಿ ನೀರಿನ ದಾರಿಗೆ ಸಣ್ಣ ತೂತಿನ ಜೆಟ್ ಹಾಕಿ ಬೇಕಂತಲೇ ನಿಧಾನ ಮಾಡುತ್ತಾರೆ. ಅಗ್ಗದ ಪಂಪ್‌ಗೆ ತಾನಾಗೇ ಬಂದ ಗುಣವನ್ನು ದುಬಾರಿ ಪಂಪ್‌ಗೆ ಕಲಿಸಬೇಕು, ತಮಾಷೆ ಅಲ್ವಾ?

ವೈಬ್ರೇಟರಿಯ ನಿಜವಾದ ತೊಂದರೆ ವೋಲ್ಟೇಜ್. ಸಂಜೆ ಕರೆಂಟ್ ಡಿಮ್ ಆಗುವ ಏರಿಯಾದಲ್ಲಿ ಪಿಸ್ಟನ್‌ನ ಬಡಿತದ ಜೋರು ತಗ್ಗುತ್ತದೆ, ಸದ್ದೂ ಬದಲಾಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಕಾಫಿ ಸಂಜೆ ಕೈ ಕೊಟ್ಟರೆ ಮೊದಲು ಅದನ್ನು ನೋಡಿ.

ಅಂಗಡಿಯಲ್ಲಿ ಎಷ್ಟು ಬಾರ್ ಅಂತ ಕೇಳಬೇಡಿ. ಓಪಿವಿ ಇದೆಯಾ, ಹೊರಗಿನಿಂದ ತಿರುಗಿಸಬಹುದಾ, ಫ್ಯಾಕ್ಟರಿಯಲ್ಲಿ ಎಷ್ಟಕ್ಕೆ ಇಟ್ಟಿದ್ದಾರೆ ಅಂತ ಕೇಳಿ. ಹೆಚ್ಚಿನ ಕಡೆ ಅಂಗಡಿಯವರು ಒಳಗೆ ಹೋಗಿ ಯಾರನ್ನೋ ಕರೆದುಕೊಂಡು ಬರುತ್ತಾರೆ.