ಲೂಪ್ ಸೇರುವ ಜಾಗದಲ್ಲಿ ನೀರು ಜಿಗಿಯುತ್ತದೆ

> "ಟ್ರೈಪಾಡ್ ಮೇಲಿಟ್ಟೇ 6 ಸೆಕೆಂಡ್ ಝರಿ ಶೂಟ್ ಮಾಡಿದೆ. ಸುತ್ತಲಿನದ್ದೆಲ್ಲ ಫ್ರೀಜ್ ಆಯ್ತು, ಆದ್ರೆ ಲೂಪ್ ಶುರುವಾಗುವಾಗ ನೀರು ಟಕ್ ಅಂತ ಜಿಗಿಯುತ್ತೆ. ಏನ್ ಮಾಡ್ಲಿ?"

ಇವರು ಮಾಡುತ್ತಿರುವುದು ಸಿನೆಮಾಗ್ರಾಫ್, ಅಂದರೆ ಒಂದು ಭಾಗ ಮಾತ್ರ ಚಲಿಸುತ್ತಾ ಉಳಿದದ್ದೆಲ್ಲ ಸ್ಥಿರವಾಗಿರುವ, ಮತ್ತೆ ಮತ್ತೆ ಓಡುವ ವಿಡಿಯೋ. ಕೊನೆಯ ಫ್ರೇಮಿನ ನೀರಿಗೂ ಮೊದಲ ಫ್ರೇಮಿನ ನೀರಿಗೂ ಹೊಂದಿಕೆಯಿಲ್ಲ, ಅದಕ್ಕೇ ಜಿಗಿತ. ಕ್ಲಿಪ್ಪನ್ನು ಹಿಂದುಮುಂದಾಗಿ ಓಡಿಸಲು ಮಾತ್ರ ಹೋಗಬೇಡಿ, ನೀರು ಮೇಲಕ್ಕೆ ಹತ್ತುತ್ತದೆ!

ಹೀಗೆ ಮಾಡಿ. ಮೊದಲ 1 ಸೆಕೆಂಡನ್ನು ಕತ್ತರಿಸಿ ತೆಗೆಯಿರಿ. ಉಳಿದ 5 ಸೆಕೆಂಡನ್ನು ಟೈಮ್‌ಲೈನ್ ಶುರುವಿಗೆ ಎಳೆದುಕೊಳ್ಳಿ. ಕತ್ತರಿಸಿದ ತುಂಡನ್ನು ಮೇಲಿನ ಟ್ರ್ಯಾಕಿನಲ್ಲಿ, ಈ 5 ಸೆಕೆಂಡಿನ ಕೊನೆಯ ಸೆಕೆಂಡಿನ ಮೇಲೆ ಸರಿಯಾಗಿ ಕೂರಿಸಿ. ಅದರ ಒಪಾಸಿಟಿ 0ಯಿಂದ 100ಕ್ಕೆ ಏರಲಿ. ಈಗ ಲೂಪ್ ಮುಗಿಯುವ ಫ್ರೇಮಿನ ಮುಂದಿನ ಫ್ರೇಮೇ ಲೂಪಿನ ಮೊದಲ ಫ್ರೇಮ್. ಮೂಲದಲ್ಲೂ ಅವು ಅಕ್ಕಪಕ್ಕದವೇ ಅಲ್ವಾ, ಹಾಗಾಗಿ ಜಿಗಿತ ಇರುವುದಿಲ್ಲ.

ಎಲ್ಲಕ್ಕಿಂತ ಮೇಲೆ ಸ್ಟಿಲ್ ಫ್ರೇಮ್ ಬರಬೇಕು. ಅದನ್ನು ಇದೇ ಕ್ಲಿಪ್ಪಿನಿಂದ ತೆಗೆಯಿರಿ. ಬೇರೆ ಫೋಟೋ ಹಾಕಿದರೆ ಬಣ್ಣ ಕೂಡುವುದಿಲ್ಲ. ನೀರಿನ ಭಾಗಕ್ಕೆ ಮಾಸ್ಕ್ ಹಾಕಿ ತೂತು ಮಾಡಿ. ಮಾಸ್ಕಿನ ಅಂಚು ಒದ್ದೆ ಬಂಡೆಯ ಮೇಲೆ ಬೀಳಲಿ. ಹರಿಯುವ ನೀರಿನ ನಡುವೆ ಬಿದ್ದರೆ ಅರ್ಧ ನೀರು ಹೆಪ್ಪುಗಟ್ಟಿದಂತೆ ಕಾಣುತ್ತದೆ. ನಾನು ಒಮ್ಮೆ ಅವಸರದಲ್ಲಿ ಹಾಗೇ ಮಾಡಿ ಎಲ್ಲಾ ಮತ್ತೆ ಮಾಡಬೇಕಾಯ್ತು.

ಹೊಗೆಗೆ ಇದೇ ವಿಧಾನ ಸ್ವಲ್ಪ ಕೈಕೊಡುತ್ತದೆ. ಬೆರೆಯುವ ಹೊತ್ತಿಗೆ ಎರಡು ಸುರುಳಿ ಒಟ್ಟಿಗೆ ಕಾಣುತ್ತವೆ. ಆಗ ಕ್ಲಿಪ್ ಉದ್ದ ಇರಲಿ, ಬೆರೆಸುವುದು 2 ಸೆಕೆಂಡ್ ಆಗಲಿ. ಮಾಸ್ಕನ್ನು ಹೊಗೆ ಪೂರ್ತಿ ಕರಗುವ ಎತ್ತರದವರೆಗೂ ಎಳೆಯಿರಿ.

ಮಾಸ್ಕಿನ ಅಂಚು ಮಿಣುಕಿದರೆ ಶೂಟ್ ಮಾಡುವಾಗ ಆಟೋ ಎಕ್ಸ್‌ಪೋಷರ್ ಆನ್ ಇತ್ತಾ ನೋಡಿ.