ಗಂಟೆ ಹೊಡೆದರೂ ನಿಲ್ಲದ ಗಣಿತ ಮೇಡಂಗೆ ನಾಲ್ಕು ಸಾಲು

ಪ್ರಶ್ನೆ: ನಮ್ಮ ಸರ್ಕಾರಿ ಪ್ರೌಢಶಾಲೆಯ ಗಣಿತ ಮೇಡಂ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆಗೆ ನಗಿಸುವ ಪದ್ಯ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಅವರ ಸಿಡುಕು, ಕೂದಲಿನ ಡೈ, ಹುಡುಗರ ಕಿವಿ ಹಿಂಡುತ್ತಿದ್ದದ್ದು ಎಲ್ಲ ಹಾಕಿ ಅಂತಾರೆ ಸಹೋದ್ಯೋಗಿಗಳು. ಅವರಿಗೆ ನೋವಾದರೆ?
– ಶಿಕ್ಷಕಿ, ರಾಜಾಜಿನಗರ, ಬೆಂಗಳೂರು

ಉತ್ತರ: ಆ ಮೂರನ್ನೂ ಬಿಡಿ. ಡೈ ಮಾತಿಗೆ ಸ್ಟಾಫ್ ರೂಮು ನಗುತ್ತದೆ, ಮುಂದಿನ ಸಾಲಲ್ಲಿ ಕೂತ ಅವರ ಸೊಸೆ, ಬೀಗರು ನಗುವುದಿಲ್ಲ. ಕಿವಿ ಹಿಂಡುವುದಂತೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದ ದೈಹಿಕ ಶಿಕ್ಷೆ; ಬಿಇಒ ವೇದಿಕೆಯಲ್ಲಿರುವಾಗ ಅದನ್ನು ಹಾಡಿ ಹೊಗಳಿದರೆ ಮೇಡಂಗೇ ಮುಜುಗರ. ತಮ್ಮ ಬಗ್ಗೆ ತಾವೇ ಹೇಳಿಕೊಂಡು ನಗುವಂಥ ಅಭ್ಯಾಸ ಒಂದನ್ನು ಹಿಡಿಯಿರಿ. ಗಣಿತದವರಲ್ಲಿ ಅದು ಸುಲಭವಾಗಿ ಸಿಗುತ್ತದೆ: ಬೆಲ್ ಆದಮೇಲೂ ‘ಇನ್ನೊಂದೇ ಲೆಕ್ಕ’.

ಗಂಟೆ ಹೊಡೆದರೂ ಮೇಡಂ ನಿಲ್ಲರು,
‘ಉಂಟಿನ್ನೊಂದೇ ಲೆಕ್ಕವು’ ಎಂಬರು;
ತುಂಟರು ಗುಣಿಸಲು ಕಲಿತದ್ದಿಲ್ಲೇ,
ನಂಟನು ಕಳೆಯಲು ಕಲಿತೇ ಇಲ್ಲ!

ಗಂಟೆ, ಉಂಟು, ತುಂಟ, ನಂಟು: ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ‘ಟ’ ಬಂದಿದೆ. ಇದು ಆದಿಪ್ರಾಸ, ಮೈಕಿನಲ್ಲಿ ಕೇಳುವವರಿಗೆ ಸಾಲು ಶುರುವಾದದ್ದು ತಕ್ಷಣ ಗೊತ್ತಾಗುತ್ತದೆ. ನಗು ಮೊದಲೆರಡು ಸಾಲಿಗೆ, ಪ್ರೀತಿ ಕೊನೆಯದಕ್ಕೆ. ಇದನ್ನು ತಿರುಗಿಸಿದರೆ ಹೊಗಳಿ ಚುಚ್ಚಿದಂತಾಗುತ್ತದೆ.

ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ. ಲಘುವಿಗೆ ಒಂದು, ಗುರುವಿಗೆ ಎರಡು: ಗಂಟೆಹೊ, ಡೆದರೂ, ಮೇಡಂ, ನಿಲ್ಲರು. ಪ್ರತಿ ಗಣದ ಮೊದಲಿಗೆ ಒಂದು ಚಪ್ಪಾಳೆ ಹಾಕಿ ಓದಿ. ಇಲ್ಲಿ ಎಲ್ಲರೂ ಮಾಡುವ ಎಡವಟ್ಟೆಂದರೆ ಆತ್ಮೀಯತೆಗೆ ‘ನಮ್ಮ’ ಸೇರಿಸುವುದು. ‘ಗಂಟೆ ಹೊಡೆದರೂ ನಮ್ಮ ಮೇಡಂ’ ಅಂದು ನೋಡಿ: ‘ನಮ್ಮ’ ಮೂರೇ ಮಾತ್ರೆ, ಹಾಗಾಗಿ ಮುಂದಿನ ಚಪ್ಪಾಳೆ ‘ಮೇ’ ಅಕ್ಷರದ ನಡುವೆ ಬೀಳುತ್ತದೆ. ವೇದಿಕೆಯಲ್ಲಿ ನಾಲಿಗೆ ತೊಡರುವುದು ಸರಿಯಾಗಿ ಅಲ್ಲೇ. ‘ಇಲ್ಲ’ವೂ ಮೂರೇ ಮಾತ್ರೆ, ಆದರೆ ಸಾಲಿನ ಕೊನೆಯ ಲಘುವನ್ನು ಎಳೆದು ಗುರುವಾಗಿಸಬಹುದು; ಅದಕ್ಕೆ ಹೆದರಬೇಡಿ.

ಇಂಥ ನಾಲ್ಕೈದು ಪದ್ಯ ಸಾಕು. ‘ಜ್ಞಾನದ ಜ್ಯೋತಿ’ ಸಾಲು ಎಲ್ಲ ಭಾಷಣಗಳಲ್ಲೂ ಬರುತ್ತದೆ, ನಿಮ್ಮ ಪದ್ಯಕ್ಕೆ ಬೇಡ. ಎರಡನೇ ಸಾಲಿಗೆ ಮಕ್ಕಳು ಹೋ ಅಂದರೆ ಗದ್ದಲ ಇಳಿಯುವವರೆಗೆ ನಿಲ್ಲಿ. ಆತುರಪಟ್ಟರೆ ‘ಗುಣಿಸಲು’ ಯಾರಿಗೂ ಕೇಳಿಸದು, ಆಮೇಲೆ ‘ಕಳೆಯಲು’ ಅರ್ಥವೇ ಆಗದು.

ಫ್ರೇಮು ಹಾಕಿಸುವ ಸನ್ಮಾನ ಪತ್ರದಲ್ಲಿ ಮಾತ್ರ ಇದನ್ನು ಅಚ್ಚು ಹಾಕಿಸಬೇಡಿ. ಅದು ಅವರ ಮನೆಯ ಗೋಡೆಯ ಮೇಲೆ ವರ್ಷಗಟ್ಟಲೆ ಇರುತ್ತದೆ. ಅಲ್ಲಿಗೆ ಗಂಭೀರ ಗದ್ಯವೇ ಸರಿ. ಪದ್ಯವನ್ನು ಕೈಯಲ್ಲಿ ಬರೆದು, ಓದಿ ಮುಗಿಸಿದ ಮೇಲೆ ಆ ಹಾಳೆಯನ್ನೇ ಮೇಡಂ ಕೈಗೆ ಕೊಡಿ.