ಒಂದೇ ದಾರಿಗೆ ಮೂರು ಆ್ಯಪ್ ಮೂರು ಉದ್ದ ಯಾಕೆ ತೋರಿಸುತ್ತವೆ?

ಪ್ರಶ್ನೆ: ನಾವು ಮೂವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಒಂದೇ ದಾರಿಯಲ್ಲಿ ನಾಲ್ಕು ಸುತ್ತು ಹಾಕಿದೆವು. ನನ್ನ ಫೋನಿನ ಆ್ಯಪ್ 5.24 ಕಿ.ಮೀ. ಅನ್ನುತ್ತೆ, ಗೆಳೆಯನ ವಾಚ್ 5.03, ಪಕ್ಕದಲ್ಲೇ ಸೈಕಲ್ ಮೇಲೆ ಬಂದವನ ಚಕ್ರದ ಸೆನ್ಸರ್ 5.09. ನಿಜವಾದ ಉದ್ದ ಯಾವುದು?

ಉತ್ತರ: ನಿಮ್ಮ ಫೋನಾಗಲಿ ಗೆಳೆಯನ ವಾಚಾಗಲಿ ರಸ್ತೆಯನ್ನು ಅಳೆದೇ ಇಲ್ಲ. ಅವು ಮಾಡುವುದು ಇಷ್ಟೇ: ಸೆಕೆಂಡಿಗೊಮ್ಮೆಯೋ ಐದು ಸೆಕೆಂಡಿಗೊಮ್ಮೆಯೋ ನೀವಿರುವ ಜಾಗಕ್ಕೆ ಒಂದು ಚುಕ್ಕಿ ಇಡುತ್ತವೆ. ಆಮೇಲೆ ಚುಕ್ಕಿಯಿಂದ ಚುಕ್ಕಿಗೆ ನೇರ ಗೆರೆ ಎಳೆದು ಅಷ್ಟನ್ನೂ ಕೂಡುತ್ತವೆ. ರಂಗೋಲಿ ಹಾಕಿದವರಿಗೆ ಗೊತ್ತು, ಚುಕ್ಕಿ ಆಚೀಚೆ ಆದರೆ ಗೆರೆ ಕೆಡುತ್ತದೆ. ಇಲ್ಲೂ ಅದೇ ಕಥೆ. ಚುಕ್ಕಿ ಓಲಾಡಿದರೆ ಉದ್ದ ಜಾಸ್ತಿ ಬರುತ್ತದೆ, ಚುಕ್ಕಿ ವಿರಳವಾದರೆ ಕಡಿಮೆ ಬರುತ್ತದೆ.

ಓಲಾಡುವುದನ್ನು ಲೆಕ್ಕದಲ್ಲೇ ನೋಡೋಣ. ಓಟದ ಫೈಲನ್ನು GPX ರೂಪದಲ್ಲಿ ಇಳಿಸಿಕೊಂಡು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸುಮಾರು ಹೀಗೆ ಕಾಣುತ್ತದೆ:

```
<trkpt lat="15.442100" lon="74.985300"><time>2025-01-12T00:42:10Z</time></trkpt>
<trkpt lat="15.442127" lon="74.985310"><time>2025-01-12T00:42:11Z</time></trkpt>
<trkpt lat="15.442154" lon="74.985300"><time>2025-01-12T00:42:12Z</time></trkpt>
```

ಟೈಮ್ ನೋಡಿ ಗಾಬರಿಯಾಗಬೇಡಿ, ಅದು ಗ್ರೀನಿಚ್ ಕಾಲ. ನಮ್ಮಲ್ಲಿ ಬೆಳಗಿನ 6:12. ಈ ಓಟಗಾರ ನೆಟ್ಟಗೆ ಉತ್ತರಕ್ಕೆ ಓಡುತ್ತಿದ್ದಾನೆ, ಸೆಕೆಂಡಿಗೆ ಹೆಚ್ಚುಕಡಿಮೆ 3 ಮೀಟರ್. ಆದರೆ ನಡುವಿನ ಚುಕ್ಕಿ ಬಲಕ್ಕೆ ಒಂದು ಮೀಟರ್‌ನಷ್ಟು ಜಾರಿದೆ. ನಿಜವಾಗಿ ಓಡಿದ್ದು 6 ಮೀಟರ್. ಓರೆ ಗೆರೆಗಳನ್ನು ಕೂಡಿದರೆ 6.35. ಹೆಚ್ಚುಕಡಿಮೆ ನೂರಕ್ಕೆ 6 ಜಾಸ್ತಿ! ಇದೇ ಒಂದು ಮೀಟರ್ ಓಲಾಟ ಸೆಕೆಂಡಿಗೆ 8 ಮೀಟರ್ ಹೋಗುವ ಸೈಕಲ್ಲಿಗೆ ಆದರೆ 8 ಮೀಟರ್‌ಗೆ ಬರೀ 6 ಸೆಂಟಿಮೀಟರ್ ಸೇರುತ್ತದೆ, ನೂರಕ್ಕೆ ಒಂದೂ ಇಲ್ಲ. ನಿಧಾನಕ್ಕೆ ನಡೆಯುವವರಿಗೆ ಇದರ ಪೆಟ್ಟು ಎಲ್ಲರಿಗಿಂತ ಜಾಸ್ತಿ. ನಮ್ಮ ತಂದೆಯವರ ಸಂಜೆ ವಾಕಿಂಗ್ ದಿನದಿನಕ್ಕೂ ಉದ್ದವಾಗುತ್ತಿದ್ದುದರ ಗುಟ್ಟು ಇದೇ.

ಜಿಪಿಎಸ್ ಐದು ಮೀಟರ್ ತಪ್ಪಿದರೆ ಲೆಕ್ಕವೂ ಅಷ್ಟೇ ಕೆಡುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಎಲ್ಲ ಚುಕ್ಕಿಗಳೂ ಒಟ್ಟಿಗೆ ಐದು ಮೀಟರ್ ಎಡಕ್ಕೆ ಸರಿದರೆ ಉದ್ದಕ್ಕೆ ಏನೂ ಆಗುವುದಿಲ್ಲ. ನಕ್ಷೆಯಲ್ಲಿ ನೀವು ಯಾರದೋ ಹಿತ್ತಲಲ್ಲಿ ಓಡಿದಂತೆ ಕಾಣುತ್ತದೆ, ಅಷ್ಟೇ. ಬಯಲಲ್ಲಿ ಹೆಚ್ಚಾಗಿ ಆಗುವುದು ಇದೇ. ಒಂದು ಚುಕ್ಕಿ ಎಡಕ್ಕೆ, ಮುಂದಿನದು ಬಲಕ್ಕೆ ಹಾರಿದಾಗಲೇ ಉದ್ದ ಉಬ್ಬುವುದು. ಕ್ಯಾಂಪಸ್‌ನ ದಟ್ಟ ಮರಗಳ ಕೆಳಗೆ, ಕಟ್ಟಡಗಳ ಪಕ್ಕ, ಫೋನು ಪ್ಯಾಂಟಿನ ಜೇಬಲ್ಲಿದ್ದಾಗ ಹಾಗಾಗುತ್ತದೆ. ನೀರು ಕುಡಿಯಲು ನಿಂತಾಗಲೂ ಚುಕ್ಕಿ ನಿಮ್ಮ ಸುತ್ತ ತಿರುಗುತ್ತಲೇ ಇರುತ್ತದೆ. ನಿಂತಾಗ ಎಣಿಕೆಯನ್ನು ತಾನಾಗಿ ನಿಲ್ಲಿಸುವ ಆಟೋ ಪಾಜ್ ಇಲ್ಲದಿದ್ದರೆ ಅದೂ ಲೆಕ್ಕಕ್ಕೆ ಸೇರಬಹುದು.

ಇದನ್ನು ತಿದ್ದಲು ಆ್ಯಪ್‌ಗಳು ಗೆರೆಯನ್ನು ಸ್ವಲ್ಪ ನುಣುಪು ಮಾಡುತ್ತವೆ. ಎಷ್ಟು ನುಣುಪು ಅನ್ನುವುದು ಅವರವರ ಇಷ್ಟ. ಕಡಿಮೆ ಮಾಡಿದರೆ ಓಲಾಟ ಉಳಿಯುತ್ತದೆ, ಜಾಸ್ತಿ ಮಾಡಿದರೆ ನೀವು ನಿಜವಾಗಿ ತಿರುಗಿದ ತಿರುವೂ ಸವೆದುಹೋಗುತ್ತದೆ. ಹಾಗಾಗಿ ಒಂದೇ ಫೈಲನ್ನು ಎರಡು ಕಡೆ ಹಾಕಿದರೂ ಎರಡು ಉದ್ದ ಬರಬಹುದು. ಒಂದು ಕಡೆ ವಾಚ್ ಬರೆದಿಟ್ಟ ದೂರವನ್ನೇ ತೆಗೆದುಕೊಳ್ಳುತ್ತಾರೆ, ಇನ್ನೊಂದು ಕಡೆ ಚುಕ್ಕಿಗಳಿಂದ ಹೊಸದಾಗಿ ಕೂಡುತ್ತಾರೆ.

ಇನ್ನು ಚುಕ್ಕಿ ವಿರಳವಾದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನದೇ ಪಜೀತಿ ಇದೆ. ಹೋದ ವರ್ಷ ಹೊಸ ಫೋನ್ ತೆಗೆದುಕೊಂಡಾಗ ದಿನಾ ಓಡುವ 10 ಕಿ.ಮೀ. ಇದ್ದಕ್ಕಿದ್ದಂತೆ 9.4 ಆಯಿತು. ಎರಡು ವಾರ ನನ್ನ ಕಾಲನ್ನೇ ಬೈದುಕೊಂಡೆ. ಆಮೇಲೆ ನಕ್ಷೆ ದೊಡ್ಡದು ಮಾಡಿ ನೋಡಿದರೆ ಗೆರೆ ಮನೆಗಳ ಮೇಲೆಯೇ ಹಾದುಹೋಗಿದೆ, ಪ್ರತಿ ತಿರುವೂ ಕತ್ತರಿಸಿದಂತಿದೆ. ಫೈಲಿನಲ್ಲಿ ಒಂದು ಚುಕ್ಕಿಗೂ ಇನ್ನೊಂದಕ್ಕೂ 15–20 ಸೆಕೆಂಡ್ ಅಂತರ. ಸ್ಕ್ರೀನ್ ಆಫ್ ಆದ ಮೇಲೆ ಬ್ಯಾಟರಿ ಉಳಿಸಲು ಫೋನು ಆ್ಯಪನ್ನು ನಿದ್ದೆಗೆ ಕಳಿಸುತ್ತಿತ್ತು. ಆ ಆ್ಯಪ್ ಒಂದಕ್ಕೆ ಬ್ಯಾಟರಿ ಸೇವರ್ ತೆಗೆದ ಮೇಲೆ ಸರಿಹೋಯಿತು. ಹೋಗಿ ವಾಪಸ್ ತಿರುಗುವ ಓಟದಲ್ಲಿ ಈ ನಷ್ಟ ಇನ್ನೂ ಜೋರು. ಸೆಕೆಂಡಿಗೆ 3 ಮೀಟರ್ ಓಡುತ್ತ, ಐದು ಸೆಕೆಂಡಿಗೊಂದು ಚುಕ್ಕಿ ಇದ್ದರೆ, ಒಂದೊಂದು ಯೂ ಟರ್ನ್‌ಗೆ 15 ಮೀಟರ್‌ವರೆಗೆ ಹೋಗಬಹುದು.

ಮತ್ತೊಂದು ಮಾತು. ನೀವಿಬ್ಬರು ಓಡಿದ್ದು ನಿಜಕ್ಕೂ ಒಂದೇ ಉದ್ದವೇ ಅಲ್ಲ! ಒಂದು ಪೂರ್ತಿ ಸುತ್ತಿನಲ್ಲಿ ಹೊರಗಡೆ ಓಡುವವನಿಗೆ ಒಳಗಡೆಯವನಿಗಿಂತ ಜಾಸ್ತಿ ದೂರ ಬೀಳುತ್ತದೆ. ಎಷ್ಟು ಅಂದರೆ, ಇಬ್ಬರ ನಡುವಿನ ಅಂತರದ 6.28 ಪಟ್ಟು. ಸುತ್ತು ಚಿಕ್ಕದಿರಲಿ, ಉಣಕಲ್ ಕೆರೆಯಷ್ಟು ದೊಡ್ಡದಿರಲಿ, ಲೆಕ್ಕ ಅದೇ. ಒಂದೂವರೆ ಮೀಟರ್ ಪಕ್ಕದಲ್ಲಿ ಓಡಿದರೆ ಸುತ್ತಿಗೆ 9.4 ಮೀಟರ್, ನಾಲ್ಕು ಸುತ್ತಿಗೆ ಸುಮಾರು 38. ಅದಕ್ಕೇ ರಸ್ತೆ ರೇಸ್‌ಗಳನ್ನು ಸರಿಯಾಗಿ ಅಳೆಯುವವರು ಮೊದಲು ಯಾವ ಗೆರೆ ಅಂತ ತೀರ್ಮಾನ ಮಾಡಿಕೊಳ್ಳುತ್ತಾರೆ. ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ದಾರಿ, ತಿರುವಿನಲ್ಲಿ ಒಳ ಅಂಚಿನಿಂದ 30 ಸೆಂ.ಮೀ. ಅವರ ಉಪಕರಣ ಜಿಪಿಎಸ್ ಅಲ್ಲ, ಸೈಕಲ್. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನುವ ಎಣಿಕೆಯ ಡಬ್ಬಿ ಕಟ್ಟುತ್ತಾರೆ. ದಾರಿ ಕಡಿಮೆ ಬೀಳಬಾರದೆಂದು ಸಾವಿರಕ್ಕೆ ಒಂದರಷ್ಟು ಸೇರಿಸಿಯೂ ಇಡುತ್ತಾರೆ, 5 ಕಿ.ಮೀ.ಗೆ 5 ಮೀಟರ್.

ಹಾಗಾಗಿ ಮೂವರಲ್ಲಿ ನಾನು ಮೊದಲು ನೋಡುವುದು ಸೈಕಲ್ಲಿನವನ ಮೀಟರನ್ನು. ಚಕ್ರಕ್ಕೆ ಮರದ ನೆರಳಿನ ಹಂಗಿಲ್ಲ. ಆದರೆ ಅದಕ್ಕೆ ಕೊಟ್ಟ ಸುತ್ತಳತೆ ಸರಿ ಇರಬೇಕು. ಸಾಮಾನ್ಯ ಪಟ್ಟಿಯಲ್ಲಿ 700×25 ಟೈರಿಗೆ 2105 ಮಿ.ಮೀ., 700×28ಕ್ಕೆ 2136. ಒಂದರ ಬದಲು ಇನ್ನೊಂದು ಹಾಕಿದ್ದರೆ 5 ಕಿ.ಮೀ.ಯಲ್ಲಿ 70–75 ಮೀಟರ್ ವ್ಯತ್ಯಾಸ ಬಂದುಬಿಡುತ್ತದೆ. ನಾನು ಪಟ್ಟಿಯನ್ನೂ ಪೂರ್ತಿ ನಂಬುವುದಿಲ್ಲ. ಪರಿಚಯದ ಗೌಂಡಿಯಿಂದ ಟೇಪ್ ತಂದೆ. ಟೈರಿನ ಗಾಳಿ ಸರಿ ಮಾಡಿ, ವಾಲ್ವ್ ಕೆಳಗೆ ಬಂದಾಗ ನೆಲಕ್ಕೆ ಖಡುವಿನಿಂದ ಗೆರೆ ಎಳೆದೆ. ಸೀಟಿನ ಮೇಲೆ ಕೂತೇ ನೆಟ್ಟಗೆ ಹತ್ತು ಸುತ್ತು ಉರುಳಿಸಿ ಮತ್ತೊಂದು ಗೆರೆ. ಬಂದಿದ್ದು 21.18 ಮೀಟರ್, ಅಂದರೆ ಸುತ್ತಿಗೆ 2118. ಮೀಟರಿನಲ್ಲಿ 2136 ಇತ್ತು. ಮೈಭಾರಕ್ಕೆ ಟೈರ್ ತುಸು ಅಮುಕುತ್ತದೆ ನೋಡಿ. ಹೀಗಾಗಿ 10 ಕಿ.ಮೀ.ಗೆ 85 ಮೀಟರ್ ಪುಕ್ಕಟೆ ಸಿಗುತ್ತಿತ್ತು.

ನಿಮ್ಮ ಸೈಕಲ್ಲಿನವನ ಮೀಟರಿನಲ್ಲೂ ಇಷ್ಟೇ ತಪ್ಪಿದ್ದರೆ 5.09 ಅನ್ನುವುದು ನಿಜಕ್ಕೆ 5.05ರ ಹತ್ತಿರ. ಆಗ ವಾಚ್ ಹೇಳಿದ್ದು ಹೆಚ್ಚುಕಡಿಮೆ ಸರಿ, ನಿಮ್ಮ ಫೋನು ಓಲಾಡಿದೆ ಅಂತ ಅರ್ಥ. ಅದೇ ಅವನು 28ರ ಟೈರ್ ಹಾಕಿಕೊಂಡು ಮೀಟರಿಗೆ 2105 ಕೊಟ್ಟಿದ್ದರೆ ಪಟ್ಟಿ ಪ್ರಕಾರ 5.16 ಆಗುತ್ತದೆ. ಆಗ ವಾಚೇ ತಿರುವು ಕತ್ತರಿಸಿರಬೇಕು. ಟೈರಿನ ಪಕ್ಕದಲ್ಲಿ ಬರೆದಿರುವ ನಂಬರ್ ಮತ್ತು ಮೀಟರಿನಲ್ಲಿರುವ ಸುತ್ತಳತೆ, ಎರಡನ್ನೂ ನೋಡಿ ಇಲ್ಲಿ ಬರೆಯಿರಿ.